ಹೊರಟಲ್ಲಿಗೇ ಬಂದು ನಿಲ್ಲುವ ವಾದ: ಪ್ರಬಂಧದಲ್ಲಿ ಸುತ್ತುವಾದದ ಪತ್ತೆ ಮತ್ತು ದುರಸ್ತಿ

ಲಕ್ಷಣ

ಪದವಿ ವಿದ್ಯಾರ್ಥಿಗಳ ಪ್ರಬಂಧ ತಿದ್ದುವಾಗ ನನ್ನ ಪೆನ್ನು ಮತ್ತೆ ಮತ್ತೆ ಒಂದೇ ಬಗೆಯ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ವಾಕ್ಯಗಳೆಲ್ಲ ಸರಿಯಾಗಿರುತ್ತವೆ. "ಏಕೆಂದರೆ", "ಆದ್ದರಿಂದ" ಎಂಬ ಮಾತುಗಳು ಇರಬೇಕಾದ ಕಡೆಯೇ ಇರುತ್ತವೆ. ಓದುತ್ತಾ ಹೋದಂತೆ ಹೌದು ಹೌದು ಅನ್ನಿಸುತ್ತದೆ, ಪ್ಯಾರಾ ಮುಗಿದ ಮೇಲೆ ನೋಡಿದರೆ ಕೈಯಲ್ಲಿ ಏನೂ ಇರುವುದಿಲ್ಲ. ತೀರ್ಮಾನವನ್ನು ಮೊದಲೇ ಒಪ್ಪಿದ್ದವರು ಈಗಲೂ ಒಪ್ಪುತ್ತಾರೆ. ಒಪ್ಪದೆ ಇದ್ದವರಿಗೆ ಮನಸ್ಸು ಬದಲಾಯಿಸಲು ಒಂದೇ ಒಂದು ಹೊಸ ಕಾರಣವೂ ಸಿಕ್ಕಿರುವುದಿಲ್ಲ.

ಇಂಥ ಪ್ಯಾರಾದ ಪಕ್ಕದಲ್ಲಿ "ಸುತ್ತುವಾದ" ಎಂದು ಬರೆದು ಮುಂದೆ ಹೋಗುವುದು ಸುಲಭ. ಆದರೆ ಆ ಒಂದು ಮಾತಿನಿಂದ ಬರೆದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಒಂದೇ ಒಂದು ಪ್ಯಾರಾವನ್ನು ಕೈಗೆತ್ತಿಕೊಂಡು, ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ ತೋರಿಸುತ್ತೇನೆ. ಪ್ಯಾರಾ ನಾನೇ ಕಟ್ಟಿದ್ದು, ಆದರೆ ಇಂಥದ್ದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ವಿಷಯ, ಕಡ್ಡಾಯ ಮತದಾನ. ವಾಕ್ಯಗಳಿಗೆ ಅಂಕಿ ಹಾಕಿದ್ದೇನೆ.

> (1) ಮತದಾನವನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಬೇಕು. (2) ಏಕೆಂದರೆ ಮತದಾನ ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಕರ್ತವ್ಯವನ್ನು ಅವರವರ ಇಷ್ಟಕ್ಕೆ ಬಿಡಲಾಗದು. (3) ಎಲ್ಲರೂ ಪಾಲ್ಗೊಂಡಾಗ ಮಾತ್ರ ಅದು ನಿಜವಾದ ಪ್ರಜಾಪ್ರಭುತ್ವ. (4) ನಿಜವಾದ ಪ್ರಜಾಪ್ರಭುತ್ವದಲ್ಲಿ ಮತದಾನವೆಂಬುದು ಆಯ್ಕೆಯಲ್ಲ, ಹೊಣೆ. (5) ಆದ್ದರಿಂದ ಮತ ಹಾಕುವುದನ್ನು ಕಾನೂನು ಎಲ್ಲರಿಗೂ ಕಡ್ಡಾಯ ಮಾಡಬೇಕು.

"ತೀರ್ಮಾನ ಬರುತ್ತದೆಯೇ?" ಎಂದು ಕೇಳಿದರೆ ದೋಷ ಸಿಗುವುದಿಲ್ಲ

ಒಮ್ಮೆ ಒಬ್ಬ ವಿದ್ಯಾರ್ಥಿನಿ ಇಂಥದ್ದೇ ಪ್ಯಾರಾ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. "ಸರ್, ಈ ಆಧಾರಗಳನ್ನು ಒಪ್ಪಿದರೆ ತೀರ್ಮಾನ ಒಪ್ಪಲೇಬೇಕಲ್ವಾ? ಹಾಗಿದ್ದ ಮೇಲೆ ತಪ್ಪೆಲ್ಲಿ?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ತರ್ಕದ ತರಗತಿಯಲ್ಲಿ ನಾವು ಹೇಳಿಕೊಟ್ಟಿದ್ದೇ ಅದು: ಆಧಾರಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗಲು ಸಾಧ್ಯವಿಲ್ಲದಿದ್ದರೆ ಆ ವಾದ ಸಿಂಧು.

ತೊಡಕು ಇರುವುದು ಅಲ್ಲೇ. "ಮಳೆ ಬರುತ್ತಿದೆ, ಆದ್ದರಿಂದ ಮಳೆ ಬರುತ್ತಿದೆ" ಎಂಬುದು ಪೂರ್ತಿ ಸಿಂಧುವಾದ ವಾದ. ಅದನ್ನು ತಪ್ಪು ಎನ್ನಲು ಬರುವುದಿಲ್ಲ, ಆದರೂ ಮಳೆ ಬರುತ್ತಿದೆಯೇ ಎಂದು ಅನುಮಾನಿಸುವವನಿಗೆ ಅದರಿಂದ ಏನೂ ಉಪಯೋಗವಿಲ್ಲ. ಸುತ್ತುವಾದದ ದೋಷ ವಾದದ ಆಕಾರದಲ್ಲಿಲ್ಲ. ಆಧಾರವನ್ನು ನಂಬುವುದಕ್ಕೆ ನಮಗಿರುವ ಕಾರಣ ಎಲ್ಲಿಂದ ಬಂತು ಎಂಬುದರಲ್ಲಿದೆ. ಆ ಕಾರಣ ತೀರ್ಮಾನದಿಂದಲೇ ಎರವಲು ಬಂದಿದ್ದರೆ ಆಧಾರ ಏನನ್ನೂ ಹೊರುತ್ತಿಲ್ಲ.

ಹಾಗಾಗಿ ತಪಾಸಣೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತೀರ್ಮಾನವನ್ನು ಇನ್ನೂ ಒಪ್ಪದ ಒಬ್ಬ ಸಮಚಿತ್ತದ ಓದುಗ ಈ ಆಧಾರವನ್ನು ಒಪ್ಪಬಲ್ಲನೇ? ಒಪ್ಪಬಲ್ಲನಾದರೆ ಯಾವ ಕಾರಣಕ್ಕೆ?

ತಪಾಸಣೆ: ಪ್ರತಿ ವಾಕ್ಯಕ್ಕೂ "ಇದು ಹೇಗೆ ಗೊತ್ತು?"

ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಪ್ಯಾರಾದ ಪ್ರತಿ ವಾಕ್ಯವನ್ನು ಅಲಂಕಾರ ಕಳೆದು ಬರಿಯ ಹೇಳಿಕೆಯಾಗಿ ಬರೆದುಕೊಳ್ಳಿ. "ನಿಸ್ಸಂದೇಹವಾಗಿ", "ಎಲ್ಲರಿಗೂ ತಿಳಿದಂತೆ" ಮುಂತಾದವನ್ನು ಹೊಡೆದುಹಾಕಿ. ಬಹುಪಾಲು ಅವು ಕಾರಣ ಇರಬೇಕಾದ ಜಾಗವನ್ನು ತುಂಬಿಕೊಂಡಿರುತ್ತವೆ. ಆಮೇಲೆ ಒಂದೊಂದು ಹೇಳಿಕೆಯ ಪಕ್ಕದಲ್ಲೂ "ಇದು ಹೇಗೆ ಗೊತ್ತು?" ಎಂದು ಬರೆದು, ಪ್ರಬಂಧ ಕೊಡುವ ಉತ್ತರದ ಕಡೆಗೆ ಬಾಣ ಎಳೆಯಿರಿ. ಉತ್ತರ ಪ್ರಬಂಧದಲ್ಲಿ ಇರಬೇಕು, ನಿಮ್ಮ ಮನಸ್ಸಿನಲ್ಲಿ ಇದ್ದರೆ ಸಾಲದು.

ನಮ್ಮ ಪ್ಯಾರಾದಲ್ಲಿ ಮಾಡಿ ನೋಡೋಣ. ಕೊನೆಯ ವಾಕ್ಯ (5) ಮೊದಲನೆಯದರ ಮರುರೂಪ, ಎರಡೂ ಒಂದೇ ತೀರ್ಮಾನ. ಅದು ಹೇಗೆ ಗೊತ್ತು? ಮತದಾನ ಇಷ್ಟಕ್ಕೆ ಬಿಡಲಾಗದ ಕರ್ತವ್ಯವಾದ್ದರಿಂದ, ಅಂದರೆ (2). ಎರಡನೆಯದು ಹೇಗೆ ಗೊತ್ತು? ನಿಜವಾದ ಪ್ರಜಾಪ್ರಭುತ್ವದಲ್ಲಿ ಮತದಾನ ಆಯ್ಕೆಯಲ್ಲವಾದ್ದರಿಂದ, ಅಂದರೆ (4). ನಾಲ್ಕನೆಯದು? ಎಲ್ಲರೂ ಪಾಲ್ಗೊಂಡರೆ ಮಾತ್ರ ಅದು ನಿಜವಾದ ಪ್ರಜಾಪ್ರಭುತ್ವವಾದ್ದರಿಂದ, ಅಂದರೆ (3). ಮೂರನೆಯದು? ಇಲ್ಲಿ ಪ್ರಬಂಧ ಬಾಯಿ ಬಿಡುವುದಿಲ್ಲ. ಕೆಲವರು ತಾವಾಗಿಯೇ ಮತ ಹಾಕದೆ ಮನೆಯಲ್ಲುಳಿದ ಚುನಾವಣೆಯೂ ಪ್ರಜಾಪ್ರಭುತ್ವವೇ ಎಂದು ಯಾರಾದರೂ ಹೇಳಿದರೆ, ಅವರಿಗೆ ಕೊಡಲು ನಮ್ಮ ಬಳಿ ಇರುವ ಉತ್ತರ ಒಂದೇ: ಮತದಾನ ಎಲ್ಲರ ಕರ್ತವ್ಯ, ಇಷ್ಟಕ್ಕೆ ಬಿಡುವಂಥದ್ದಲ್ಲ. ಮತ್ತೆ (2). ಬಾಣ ತಿರುಗಿ ಬಂತು.

ಭಾರತೀಯ ತರ್ಕ ಪರಂಪರೆ ಈ ಸುತ್ತಿನ ಅಳತೆಗೆ ತಕ್ಕಂತೆ ಬೇರೆ ಬೇರೆ ಹೆಸರಿಟ್ಟಿದೆ. ಹೇಳಿಕೆ ತನಗೆ ತಾನೇ ಆಧಾರವಾದರೆ ಆತ್ಮಾಶ್ರಯ. ಎರಡು ಹೇಳಿಕೆಗಳು ಒಂದನ್ನೊಂದು ಹಿಡಿದುಕೊಂಡು ನಿಂತರೆ ಅನ್ಯೋನ್ಯಾಶ್ರಯ, ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಹೇಳಿಕೆಗಳು ಸುತ್ತು ಹಾಕಿದರೆ ಚಕ್ರಕ. ಈ ಹೆಸರುಗಳಿಂದ ತಪಾಸಣೆಗೆ ಒಂದು ಉಪಯೋಗವಿದೆ. ಆತ್ಮಾಶ್ರಯ ಮೊದಲ ಓದಿಗೇ ಕಣ್ಣಿಗೆ ಬೀಳುತ್ತದೆ. ಚಕ್ರಕ ಹಾಗಲ್ಲ, ಹೇಳಿಕೆಗಳ ನಡುವೆ ಎರಡು ಪುಟದ ಅಂತರ ಇರಬಹುದು. ನಮ್ಮ ಪ್ಯಾರಾದಲ್ಲಿರುವುದು ಚಕ್ರಕ. ಐದು ಪುಟಕ್ಕೆ ಹರಡಿಕೊಂಡಿದ್ದರೆ ಬಾಣ ಎಳೆಯದೆ ಸಿಗುತ್ತಿರಲಿಲ್ಲ.

ಮೂಲ ಕಾರಣ: ಎರಡು ಅರ್ಥ ಹೊತ್ತ ಪದ

ಬಾಣ ಸುತ್ತು ಬಂದದ್ದು ಗೊತ್ತಾದ ಮಾತ್ರಕ್ಕೆ ದುರಸ್ತಿಗೆ ಇಳಿಯಬೇಡಿ. ಸುತ್ತು ಯಾಕೆ ಬಂತು ಎಂದು ಕೇಳಬೇಕು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಬೇಕೆಂದು ಸುತ್ತು ಹಾಕುವುದಿಲ್ಲ. ಎರಡು ಅರ್ಥವಿರುವ ಒಂದು ಪದ ಅವರನ್ನು ಸುತ್ತು ಹಾಕಿಸುತ್ತದೆ. ನಮ್ಮ ಪ್ಯಾರಾದಲ್ಲಿ ಆ ಪದ "ಕರ್ತವ್ಯ".

ಕರ್ತವ್ಯ ಎಂದರೆ ನೈತಿಕ ಹೊಣೆ ಎಂದುಕೊಳ್ಳೋಣ. ಕೊಟ್ಟ ಮಾತಿಗೆ ತಪ್ಪದಿರುವುದು, ಉಪಕಾರ ಮಾಡಿದವರನ್ನು ನೆನೆಯುವುದು, ಇವೆಲ್ಲ ಆ ಅರ್ಥದಲ್ಲಿ ಕರ್ತವ್ಯಗಳು. ಮತದಾನವೂ ಹಾಗೆಯೇ ಎಂದರೆ ಬಹಳಷ್ಟು ಜನ ಒಪ್ಪುತ್ತಾರೆ, ಕಡ್ಡಾಯ ಮತದಾನವನ್ನು ವಿರೋಧಿಸುವವರೂ ಒಪ್ಪಬಹುದು. ಆದರೆ ಅಲ್ಲಿಂದ ತೀರ್ಮಾನಕ್ಕೆ ದಾರಿಯಿಲ್ಲ. ಉಪಕಾರ ಮರೆತವನಿಗೆ ಕಾನೂನು ದಂಡ ಹಾಕುವುದಿಲ್ಲ. ನೈತಿಕ ಹೊಣೆ ಎಂಬುದಕ್ಕೂ ಕಾನೂನು ಬಲವಂತ ಮಾಡಬಹುದು ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ.

ಇನ್ನು ಕರ್ತವ್ಯ ಎಂದರೆ ಕಾನೂನು ಬಲವಂತವಾಗಿ ಮಾಡಿಸಬೇಕಾದ ಹೊಣೆ ಎಂದುಕೊಳ್ಳೋಣ. ಈಗ ಕಂದಕ ಮುಚ್ಚಿತು, ಆದರೆ ಆಧಾರವೇ ತೀರ್ಮಾನವಾಗಿಬಿಟ್ಟಿತು. "ಮತದಾನವನ್ನು ಕಾನೂನು ಕಡ್ಡಾಯ ಮಾಡಬೇಕು, ಏಕೆಂದರೆ ಅದು ಕಾನೂನು ಕಡ್ಡಾಯ ಮಾಡಬೇಕಾದ ಕೆಲಸ" ಎಂದ ಹಾಗಾಯಿತು.

ಅಂದರೆ ಪದವನ್ನು ಸಡಿಲವಾಗಿ ಓದಿದರೆ ವಾದ ಮುರಿದಿದೆ, ಬಿಗಿಯಾಗಿ ಓದಿದರೆ ವಾದ ಸುತ್ತುತ್ತಿದೆ. ಓದುಗ ಮೊದಲು ಸಡಿಲ ಅರ್ಥದಲ್ಲಿ ಒಪ್ಪಿಕೊಂಡು, ಅರಿವಿಲ್ಲದೆ ಬಿಗಿ ಅರ್ಥಕ್ಕೆ ಜಾರುತ್ತಾನೆ. ಬರೆದವರೂ ಹಾಗೆಯೇ ಜಾರಿರುತ್ತಾರೆ. ಇದನ್ನು ಕಂಡುಕೊಂಡರೆ ದುರಸ್ತಿಯ ಅರ್ಧ ಕೆಲಸ ಆದಂತೆ. ಏಕೆಂದರೆ ಸುತ್ತು ಯಾವ ಕಂದಕವನ್ನು ಮುಚ್ಚಿತ್ತು ಎಂಬುದು ಈಗ ಗೊತ್ತು, ಮತ್ತು ಪ್ರಬಂಧ ಕಟ್ಟಬೇಕಾದ ಸೇತುವೆ ಸರಿಯಾಗಿ ಅಲ್ಲಿಯೇ ಬೇಕು.

"ನಿಜವಾದ ಪ್ರಜಾಪ್ರಭುತ್ವ" ಎಂಬಲ್ಲೂ ಇದೇ ಕತೆ. "ನಿಜವಾದ", "ಅಸಲಿ", "ಸಹಜ", "ಸರಿಯಾದ ಅರ್ಥದಲ್ಲಿ" ಎಂಬ ವಿಶೇಷಣಗಳು ಕಂಡ ಕೂಡಲೇ ಅವನ್ನು ತೆಗೆದು ವಾಕ್ಯವನ್ನು ಮತ್ತೊಮ್ಮೆ ಓದಿ. "ಎಲ್ಲರೂ ಪಾಲ್ಗೊಂಡಾಗ ಮಾತ್ರ ಪ್ರಜಾಪ್ರಭುತ್ವ" ಎಂದರೆ ಅದು ಸುಳ್ಳು ಎಂಬುದು ಎದ್ದು ಕಾಣುತ್ತದೆ. ಅದನ್ನು ಸುಳ್ಳಾಗದಂತೆ ಹಿಡಿದಿದ್ದು "ನಿಜವಾದ" ಎಂಬ ಒಂದೇ ಮಾತು.

ತಪ್ಪು ಎಚ್ಚರಿಕೆಗಳು

ಎಲ್ಲ ಸುತ್ತೂ ದೋಷವಲ್ಲ. ಬಡತನದಿಂದ ಓದು ನಿಲ್ಲುತ್ತದೆ, ಓದು ನಿಂತದ್ದರಿಂದ ಬಡತನ ಮುಂದುವರಿಯುತ್ತದೆ ಎಂದು ಬರೆದರೆ ಅದು ಲೋಕದಲ್ಲಿರುವ ಕಾರ್ಯಕಾರಣದ ಸುತ್ತು. ಎರಡೂ ಕೊಂಡಿಗಳಿಗೆ ಬೇರೆ ಬೇರೆ ಪುರಾವೆ ಇದ್ದರೆ ಅದರಲ್ಲಿ ತಪ್ಪಿಲ್ಲ. ಹಾಗೆಯೇ ಪ್ರಬಂಧದ ಮೊದಲಲ್ಲಿ ತೀರ್ಮಾನ ಹೇಳಿ ಕೊನೆಯಲ್ಲಿ ಮತ್ತೆ ಹೇಳುವುದು ಬರವಣಿಗೆಯ ಕ್ರಮ ಅಷ್ಟೆ. ನಮ್ಮ ಪ್ಯಾರಾದಲ್ಲೂ (1) ಮತ್ತು (5) ಒಂದೇ ಆಗಿರುವುದು ದೋಷವಲ್ಲ. ದೋಷ ಇರುವುದು ನಡುವಿನ ಮೂರರಲ್ಲಿ.

ಕೆಲಸಕ್ಕೆ ಬಾರದ ದುರಸ್ತಿಗಳು

ಆ ವಿದ್ಯಾರ್ಥಿನಿ ಮರುವಾರ ತಿದ್ದಿ ತಂದಳು. "ಕರ್ತವ್ಯ" ಇದ್ದಲ್ಲಿ "ಬದ್ಧತೆ" ಬಂದಿತ್ತು, ಒಬ್ಬ ವಿದ್ವಾಂಸರ ಮಾತೊಂದು ಸೇರಿತ್ತು. ಪದ ಬದಲಾಯಿತೇ ಹೊರತು ಬಾಣ ಬದಲಾಗಿರಲಿಲ್ಲ. ವಿದ್ವಾಂಸರ ಮಾತೂ "ಮತದಾನ ಐಚ್ಛಿಕವಾಗಿರಬಾರದು" ಎಂದೇ ಇತ್ತು. ಬೇರೆಯವರ ಬಾಯಿಂದ ಬಂದ ತೀರ್ಮಾನವೂ ತೀರ್ಮಾನವೇ. ಅವರು ಹಾಗೆ ಹೇಳಲು ಕೊಟ್ಟ ಕಾರಣ ಏನೆಂದು ಆ ಪುಸ್ತಕದಲ್ಲಿ ಹುಡುಕಿ ತಂದಿದ್ದರೆ ಉಪಯೋಗವಾಗುತ್ತಿತ್ತು. ಇನ್ನೊಂದು ಹುಸಿ ದುರಸ್ತಿ ಎಂದರೆ ನಡುವೆ ಇನ್ನೆರಡು ಹೇಳಿಕೆ ತುರುಕುವುದು. ಗಾಣದೆತ್ತಿಗೆ ಉದ್ದದ ಹಗ್ಗ ಕಟ್ಟಿದರೆ ಸುತ್ತು ದೊಡ್ಡದಾಗುತ್ತದೆ ಅಷ್ಟೇ.

ದುರಸ್ತಿ

ಮೊದಲು (2), (3), (4) ಮೂರನ್ನೂ ತೆಗೆದುಹಾಕಿ. ಬರೆದವರಿಗೆ ಇದು ನೋವಿನ ಕೆಲಸ, ಪ್ಯಾರಾದಲ್ಲಿ ಅವರಿಗೆ ಇಷ್ಟವಾದ ವಾಕ್ಯಗಳು ಅವೇ ಆಗಿರುತ್ತವೆ. ಈಗ ತೀರ್ಮಾನ ಒಂಟಿಯಾಗಿ ನಿಂತಿದೆ. ಅದನ್ನು ಒಪ್ಪದ ಓದುಗನನ್ನು ಎದುರಿಗೆ ಕೂರಿಸಿಕೊಂಡು, ಅವನು ತೀರ್ಮಾನದ ಬಗ್ಗೆ ಏನೇ ಅಂದುಕೊಂಡಿದ್ದರೂ ಒಪ್ಪಬಹುದಾದ ಸಂಗತಿಗಳು ಯಾವುವು ಎಂದು ಹುಡುಕಿ.

ಮೊದಲ ಸಂಗತಿ: ಮತದಾನ ಐಚ್ಛಿಕವಾಗಿರುವ ಹಲವು ದೇಶಗಳಲ್ಲಿ ಬಡವರು ಮತ್ತು ಕಿರಿಯರು ಉಳಿದವರಿಗಿಂತ ಕಡಿಮೆ ಪ್ರಮಾಣದಲ್ಲಿ ಮತ ಹಾಕುತ್ತಾರೆ. ಇದನ್ನು ಅಂಕಿಅಂಶದಿಂದ ಪರೀಕ್ಷಿಸಬಹುದು, ಮತ್ತು ಮುಖ್ಯವಾಗಿ ಇದು ಸುಳ್ಳಾಗಲೂಬಹುದು. ಭಾರತದಲ್ಲಿ 1990ರ ದಶಕದಿಂದೀಚೆಗೆ ಬಡವರು ಉಳ್ಳವರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚು ಮತ ಹಾಕುವುದನ್ನು ಚುನಾವಣಾ ಅಧ್ಯಯನಗಳು ಕಂಡಿವೆ. ಹಳೆಯ ಪ್ಯಾರಾದ "ಮತದಾನ ಇಷ್ಟಕ್ಕೆ ಬಿಡಲಾಗದ ಕರ್ತವ್ಯ" ಎಂಬುದನ್ನು ಯಾವ ದೇಶದ ಯಾವ ಅಂಕಿಯೂ ಅಲುಗಿಸಲಾರದು. ಆಧಾರ ಸ್ವತಂತ್ರವಾಗಿದೆಯೇ ಎಂದು ತಿಳಿಯಲು ನಾನು ಬಳಸುವ ಒರೆಗಲ್ಲು ಇದೇ: ತೀರ್ಮಾನವನ್ನು ಮುಟ್ಟದೆ, ಆಧಾರವನ್ನು ಮಾತ್ರ ಸುಳ್ಳೆಂದು ತೋರಿಸಬಲ್ಲ ಸಂಗತಿಯೊಂದನ್ನು ಊಹಿಸಲು ಸಾಧ್ಯವೇ?

ಎರಡನೆಯದು: ಮತ ಹಾಕುವವರ ಅಗತ್ಯಗಳ ಕಡೆಗೆ ಜನಪ್ರತಿನಿಧಿಗಳು ಹೆಚ್ಚು ಗಮನ ಕೊಡುತ್ತಾರೆ. ಇದೂ ಸಂಗತಿಯ ಮಾತು. ಇದಕ್ಕೆ ಪ್ರಬಂಧದಲ್ಲಿ ಪುರಾವೆ ಕೊಡಬೇಕು, ಊಹೆಗೆ ಬಿಡಬಾರದು.

ಮೂರನೆಯದು: ಕಾನೂನು ಆ ಅಂತರವನ್ನು ನಿಜಕ್ಕೂ ಕಿರಿದು ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ 1922ರ ರಾಷ್ಟ್ರೀಯ ಚುನಾವಣೆಯಲ್ಲಿ ನೋಂದಾಯಿತ ಮತದಾರರಲ್ಲಿ ಶೇ. 60ಕ್ಕಿಂತ ತುಸು ಕಡಿಮೆ ಜನ ಮತ ಹಾಕಿದ್ದರು. 1924ರಲ್ಲಿ ಕಡ್ಡಾಯದ ಕಾನೂನು ಬಂತು, 1925ರಲ್ಲಿ ಪ್ರಮಾಣ ಶೇ. 91 ದಾಟಿತು. ನೆದರ್ಲೆಂಡ್ಸ್‌ನಲ್ಲಿ ತದ್ವಿರುದ್ಧ: 1967ರಲ್ಲಿ ಸುಮಾರು ಶೇ. 95 ಇದ್ದದ್ದು, 1970ರಲ್ಲಿ ಕಡ್ಡಾಯ ತೆಗೆದ ಮೇಲೆ 1971ರಲ್ಲಿ ಸುಮಾರು ಶೇ. 79ಕ್ಕೆ ಇಳಿಯಿತು. ಒಂದು ಕಡೆ ಕಾನೂನು ಬಂದು ಏರಿತು, ಇನ್ನೊಂದು ಕಡೆ ಕಾನೂನು ಹೋಗಿ ಇಳಿಯಿತು.

ಆದರೆ ಇಲ್ಲೊಂದು ಸಣ್ಣ ಬಿರುಕು ಉಳಿಯುತ್ತದೆ. ಒಟ್ಟು ಪ್ರಮಾಣ ಏರಿದರೆ ಬಡವರ ಮತ್ತು ಉಳ್ಳವರ ನಡುವಿನ ಅಂತರ ಇಳಿಯಿತು ಎಂದಾಗುತ್ತದೆಯೇ? ಲೆಕ್ಕ ಮಾಡಿ ತೋರಿಸಬೇಕು. ಮತದಾರರನ್ನು ಸರಿಯಾಗಿ ಎರಡು ಪಾಲು ಮಾಡಿ. ಒಟ್ಟು ಪ್ರಮಾಣ ಶೇ. 60 ಇದ್ದಾಗ, ಒಂದು ಪಾಲಿನಲ್ಲಿ ನೂರಕ್ಕೆ ನೂರು ಜನ ಬಂದಿದ್ದರೆ ಇನ್ನೊಂದರಲ್ಲಿ 20 ಜನ ಮಾತ್ರ ಬಂದಿರಲು ಸಾಧ್ಯ. ಒಟ್ಟು ಶೇ. 91 ಆದಾಗ, ಒಂದರಲ್ಲಿ ನೂರೂ ಬಂದರೂ ಇನ್ನೊಂದರಲ್ಲಿ ಕನಿಷ್ಠ 82 ಬಂದಿರಲೇಬೇಕು. ಅಂತರ 80ರವರೆಗೂ ಹೋಗಬಹುದಾಗಿದ್ದ ಕಡೆ ಈಗ 18 ದಾಟಲಾರದು. ಚಿಕ್ಕ ಗುಂಪೊಂದು ಪೂರ್ತಿ ಹೊರಗುಳಿದಿರುವ ಸಾಧ್ಯತೆಯನ್ನು ಈ ಲೆಕ್ಕ ಅಲ್ಲಗಳೆಯುವುದಿಲ್ಲ, ಅದನ್ನು ಪ್ರಬಂಧದಲ್ಲಿ ಒಂದು ವಾಕ್ಯದಲ್ಲಿ ಒಪ್ಪಿಕೊಳ್ಳಬೇಕು.

ಸೇತುವೆ

ಮೂರೂ ಸಂಗತಿಗಳು ನಿಜವಾದರೂ "ಆದ್ದರಿಂದ ಕಡ್ಡಾಯ ಮಾಡಬೇಕು" ಎನ್ನಲು ಬರುವುದಿಲ್ಲ. ಸಂಗತಿಗಳಿಂದ "ಮಾಡಬೇಕು" ಎಂಬುದಕ್ಕೆ ದಾಟಿಸುವ ಒಂದು ತತ್ತ್ವ ಬೇಕು. "ಕರ್ತವ್ಯ" ಎಂಬ ಪದ ಕದ್ದು ಮಾಡುತ್ತಿದ್ದ ಕೆಲಸ ಇದೇ. ಈಗ ಅದನ್ನು ಬಿಚ್ಚಿ ಬರೆಯೋಣ: ಸಾರ್ವಜನಿಕ ನಿರ್ಧಾರಗಳಲ್ಲಿ ಕೆಲವು ವರ್ಗಗಳ ದನಿ ನಿರಂತರವಾಗಿ ಕುಗ್ಗುವುದನ್ನು ತಡೆಯಲು, ಯಾರ ಅಭಿಪ್ರಾಯವನ್ನೂ ಬಲವಂತ ಮಾಡದ ಒಂದು ಸಣ್ಣ ಹೊರೆಯನ್ನು ಕಾನೂನು ಎಲ್ಲರ ಮೇಲೂ ಸಮಾನವಾಗಿ ಹೊರಿಸಬಹುದು.

ಈ ತತ್ತ್ವದ ಮೂಲಕ ಸುತ್ತು ಹಿಂಬಾಗಿಲಿನಿಂದ ಬಂತೇ? ಪರೀಕ್ಷೆ ಹೀಗೆ: ಈ ತತ್ತ್ವ ಮತದಾನ ಬಿಟ್ಟು ಬೇರೆಲ್ಲಾದರೂ ಕೆಲಸ ಮಾಡುತ್ತದೆಯೇ? ಒಂದೇ ತೀರ್ಮಾನಕ್ಕಾಗಿ ಹುಟ್ಟಿ ಅಲ್ಲೇ ಮುಗಿಯುವ ತತ್ತ್ವವಾದರೆ ಅದು ವೇಷ ಹಾಕಿದ ತೀರ್ಮಾನ. ಇದು ಹಾಗಲ್ಲ. ಜನಗಣತಿಗೆ ಉತ್ತರ ಕೊಡುವುದನ್ನು ಹಲವು ದೇಶಗಳ ಕಾನೂನು ಕಡ್ಡಾಯ ಮಾಡಿದೆ, ಲೆಕ್ಕಕ್ಕೆ ಸಿಗದವರ ಪಾಲು ತಪ್ಪಿಹೋಗಬಾರದು ಎಂಬುದು ಅದಕ್ಕೆ ಒಂದು ಸಮರ್ಥನೆ. ಜ್ಯೂರಿ ಪದ್ಧತಿ ಇರುವ ಕಡೆ ಕರೆ ಬಂದವರು ಹಾಜರಾಗಲೇಬೇಕು, ಆದರೆ ಇಂಥದ್ದೇ ತೀರ್ಪು ಕೊಡಿ ಎಂದು ಯಾರೂ ಹೇಳುವಂತಿಲ್ಲ. ಕಡ್ಡಾಯ ಮತದಾನವನ್ನು ವಿರೋಧಿಸುವ ಒಬ್ಬರು ಈ ಎರಡನ್ನೂ ಒಪ್ಪಿಕೊಂಡಿರಬಹುದು. ಅಂದ ಮೇಲೆ ತತ್ತ್ವ ಅವರಿಗೆ ನಿಜವಾದ ಒತ್ತಡ ಕೊಡುತ್ತದೆ.

ತೀರ್ಮಾನವೂ ಈಗ ಹಳೆಯ ಅಳತೆಯಲ್ಲಿ ಉಳಿಯುವುದಿಲ್ಲ. "ಅಭಿಪ್ರಾಯವನ್ನು ಬಲವಂತ ಮಾಡದ" ಎಂದು ಬರೆದಿದ್ದೇವೆ, ಹಾಗಾದರೆ ಖಾಲಿ ಮತಪತ್ರ ಹಾಕುವ ಅವಕಾಶ ಇರಬೇಕು. "ಸಣ್ಣ ಹೊರೆ" ಎಂದಿದ್ದೇವೆ, ಹಾಗಾದರೆ ದಂಡ ಭಾರಿಯಾಗಿರಬಾರದು, ಮತಗಟ್ಟೆ ದೂರವಿರಬಾರದು. ಮೊದಲ ಸಂಗತಿ ಎಲ್ಲ ದೇಶಗಳಿಗೂ ನಿಜವಲ್ಲ, ಹಾಗಾದರೆ ತೀರ್ಮಾನವೂ ಎಲ್ಲ ದೇಶಗಳಿಗೂ ಅಲ್ಲ. ತಿದ್ದಿದ ಪ್ಯಾರಾ ಹೀಗಿರಬಹುದು:

> ಮತದಾನ ಐಚ್ಛಿಕವಾಗಿರುವ ಹಲವು ದೇಶಗಳಲ್ಲಿ ಬಡವರೂ ಕಿರಿಯರೂ ಉಳಿದವರಿಗಿಂತ ಕಡಿಮೆ ಮತ ಹಾಕುತ್ತಾರೆ, ಮತ್ತು ಪ್ರತಿನಿಧಿಗಳು ಮತ ಹಾಕುವವರ ಕಡೆಗೇ ಹೆಚ್ಚು ವಾಲುತ್ತಾರೆ. ಕಡ್ಡಾಯದ ಕಾನೂನು ಈ ಅಂತರವನ್ನು ಕಿರಿದು ಮಾಡಬಲ್ಲದು ಎಂಬುದನ್ನು ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ನ ಅನುಭವ ಸೂಚಿಸುತ್ತದೆ. ಕೆಲವು ವರ್ಗಗಳ ದನಿ ನಿರಂತರವಾಗಿ ಕುಗ್ಗುವುದನ್ನು ತಡೆಯಲು, ಅಭಿಪ್ರಾಯವನ್ನು ಬಲವಂತ ಮಾಡದ ಸಣ್ಣ ಹೊರೆಯನ್ನು ಎಲ್ಲರ ಮೇಲೂ ಸಮಾನವಾಗಿ ಹೊರಿಸುವುದು ನ್ಯಾಯವೆಂದು ಜನಗಣತಿಯಂಥ ಕಡೆ ನಾವು ಈಗಾಗಲೇ ಒಪ್ಪಿದ್ದೇವೆ. ಆದ್ದರಿಂದ ಇಂಥ ಅಂತರ ಇರುವ ದೇಶಗಳಲ್ಲಿ, ಖಾಲಿ ಮತಪತ್ರ ಹಾಕುವ ಸ್ವಾತಂತ್ರ್ಯ ಉಳಿಸಿಕೊಂಡು, ಮತಗಟ್ಟೆಗೆ ಹಾಜರಾಗುವುದನ್ನು ಕಾನೂನು ಕಡ್ಡಾಯ ಮಾಡಬಹುದು.

"ಮಾಡಬೇಕು" ಹೋಗಿ "ಮಾಡಬಹುದು" ಬಂದಿದೆ. ತತ್ತ್ವ ಅನುಮತಿಯ ಮಾತಾಡುತ್ತದೆ, ಆಜ್ಞೆಯ ಮಾತಾಡುವುದಿಲ್ಲ. "ಮಾಡಬೇಕು" ಎಂದೇ ಬೇಕಾದರೆ, ಮತದಾನದ ದಿನ ರಜೆ ಕೊಡುವುದು, ನೋಂದಣಿ ಸರಳ ಮಾಡುವುದು ಮುಂತಾದ ಹಗುರ ಉಪಾಯಗಳಿಂದ ಇಷ್ಟೇ ಫಲ ಸಿಗದು ಎಂದು ಇನ್ನೊಂದು ಪ್ಯಾರಾದಲ್ಲಿ ತೋರಿಸಬೇಕಾಗುತ್ತದೆ.

ಮರುಪರೀಕ್ಷೆ

ಹೊಸ ಪ್ಯಾರಾಕ್ಕೂ ಅದೇ ಖಾಲಿ ಹಾಳೆ, ಅದೇ ಬಾಣ. ಈ ಸಲ "ಇದು ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ಬಾಣಗಳು ಚುನಾವಣಾ ಅಂಕಿಗಳಿಗೆ, ಅಧ್ಯಯನಗಳಿಗೆ, ಜನಗಣತಿಯ ಹೋಲಿಕೆಗೆ ಹೋಗುತ್ತವೆ. ಒಂದೂ ತೀರ್ಮಾನಕ್ಕೆ ತಿರುಗುವುದಿಲ್ಲ. ಆಮೇಲೆ ತೀರ್ಮಾನದ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಪಕ್ಕದ ಸಹಪಾಠಿಗೆ ಓದಲು ಕೊಡಿ. ಹಳೆಯ ಪ್ಯಾರಾದಲ್ಲಿ ಮುಚ್ಚಿದ ವಾಕ್ಯ ಏನೆಂದು (2) ಓದಿದ ಕೂಡಲೇ ಹೇಳಿಬಿಡಬಹುದಿತ್ತು. ಇಲ್ಲಿ ಮೂರನೆಯ ವಾಕ್ಯದವರೆಗೂ ಕಾಯಬೇಕು.

ವಿದ್ಯಾರ್ಥಿನಿಯ ಮೂರನೆಯ ಕರಡು ಇದರ ಹತ್ತಿರಕ್ಕೆ ಬಂದಿತ್ತು. ಓದಿದ ಅವಳ ಗೆಳತಿ ತೀರ್ಮಾನವನ್ನು ಒಪ್ಪಲಿಲ್ಲ. "ಮತ ಹಾಕದೇ ಇರುವುದೂ ಒಂದು ಅಭಿಪ್ರಾಯ ಕಣೇ, ಖಾಲಿ ಮತಪತ್ರ ಅದಕ್ಕೆ ಸಮ ಅಲ್ಲ" ಎಂದಳಂತೆ. ಅವಳು ಬೆರಳಿಟ್ಟದ್ದು ತತ್ತ್ವದ ಮೇಲೆ, ಅದರಲ್ಲೂ "ಅಭಿಪ್ರಾಯವನ್ನು ಬಲವಂತ ಮಾಡದ" ಎಂಬ ಮಾತಿನ ಮೇಲೆ. ಹಳೆಯ ಪ್ಯಾರಾಕ್ಕೆ ಹೀಗೆ ಬೆರಳಿಡಲು ಜಾಗವೇ ಇರಲಿಲ್ಲ. ಪ್ರಬಂಧದ ಮುಂದಿನ ಭಾಗ ಆ ಆಕ್ಷೇಪಕ್ಕೆ ಉತ್ತರವಾಗಿ ಶುರುವಾಯಿತು.